ಪೂಜೆಯ ಹೊತ್ತಿನ ಕಿಂಯ್ ದನಿ

ದಾಂಡೇಲಿಯ ನಮ್ಮ ಕ್ವಾರ್ಟರ್ಸಿನಲ್ಲಿ, ಯಜಮಾನರು ಬೆಳಿಗ್ಗೆ ಮಿಲ್ಲಿಗೆ ಹೋದ ಮೇಲೆ ನನ್ನ ಜೊತೆಗೆ ಉಳಿಯುವವನು ಅಂಗೈ ಮೇಲಿನ ಲಿಂಗಯ್ಯ ಒಬ್ಬನೇ. ಹೋದ ಶ್ರಾವಣದಲ್ಲಿ ಇಷ್ಟಲಿಂಗ ಹಿಡಿದು ಕಣ್ಣು ಮುಚ್ಚಿದಾಗ ಸಣ್ಣ ದನಿಯೊಂದು ಕೇಳಿತು. ಸೊಳ್ಳೆ ಹಾಡಿದಂತೆ, ಅದಕ್ಕಿಂತ ತೆಳ್ಳಗೆ. ಮರುದಿನವೂ ಕೇಳಿತು. ಪೂಜೆಯಲ್ಲಿ ಮನಸ್ಸು ನಿಂತರೆ ನಾದ ಕೇಳುತ್ತದೆ ಎಂದು ತವರಿನ ಮಠದ ಅಯ್ಯನವರು ಹೇಳುತ್ತಿದ್ದರು. ನನಗೂ ಆ ಭಾಗ್ಯ ಬಂತೇ ಎಂದು ಕಣ್ಣು ತುಂಬಿತು.

ರವಿವಾರ ಯಜಮಾನರನ್ನು ಪಕ್ಕದಲ್ಲಿ ಕೂಡಿಸಿಕೊಂಡೆ.

"ಏನರ ಕೇಳಸ್ತೈತೇನ್ರಿ?"

"ಏನೂ ಇಲ್ಲ. ಕುಕ್ಕರ್ ಇಟ್ಟು ಬಂದೀಯೇನು?"

ಅವರಿಗೆ ಕೇಳದ್ದು ನನಗೆ ಕೇಳುತ್ತಿದೆ! ದಿನವೆಲ್ಲ ಒಬ್ಬಳೇ ಇರುವವಳೆಂದು ದೇವರೇ ಮಾತಾಡಿಸುತ್ತಿದ್ದಾನೆ ಅಂದುಕೊಂಡೆ.

ಒಂದು ದಿನ ಪೂಜೆಯ ನಡುವೆ ಕರೆಂಟು ಹೋಯಿತು. ನಾದವೂ ನಿಂತಿತು. ಕರೆಂಟು ಬಂತು, ನಾದವೂ ಬಂತು. ಎದ್ದು ಹುಡುಕಿದರೆ, ದೇವರ ಜಗಲಿಯ ಪಕ್ಕದ ಪ್ಲಗ್ಗಿನಲ್ಲಿ ಯಜಮಾನರ ಚಾರ್ಜರ್. ಮೊಬೈಲ್ ಕಿತ್ತುಕೊಂಡು ಹೋದವರು ಸ್ವಿಚ್ ಆರಿಸಿರಲಿಲ್ಲ.

ನಾಚಿಕೆಗಿಂತ ಹೆದರಿಕೆಯೇ ಹೆಚ್ಚಾಗಿ ಬಜಾರಿನ ಮೊಬೈಲ್ ರಿಪೇರಿಯವರ ಹತ್ತಿರ ಒಯ್ದೆ.

"ಅಣ್ಣಾರ, ಇದು ಸಿಡೀತೈತೇನ್ರಿ?"

ಅವರು ಪ್ಲಗ್ಗಿಗೆ ಹಾಕಿ ಕಿವಿಗೊಟ್ಟರು. "ಹೆದರಬ್ಯಾಡ್ರಿ ಅಕ್ಕಾರ. ಒಳಗ ತಾಮ್ರದ ತಂತಿ ಸುತ್ತಿದ ಕಾಯಿಲ್ ಇರ್ತೈತಿ. ಅದರಾಗ ಕರೆಂಟು ಸೆಕೆಂಡಿಗೆ ಹತ್ತಾರು ಸಾವಿರ ಸಲ ಹತ್ತಿ ಆರತೈತಿ. ಅದಕ್ಕ ಕಾಯಿಲ್ ಒಂಚೂರು ನಡಗತೈತಿ. ಅಷ್ಟು ಗಡಿಬಿಡಿಯ ನಡುಕ ನಮ್ಮ ಕಿವಿಗೆ ಸಿಗಂಗಿಲ್ಲ. ಫೋನ್ ಹಚ್ಚಿಲ್ಲಂದ್ರ ಕೆಲಸ ಇರಂಗಿಲ್ಲಲ್ರಿ, ಬಿಟ್ಟು ಬಿಟ್ಟು ನಡೀತೈತಿ. ಆವಾಗ ನಡುಕ ನಿಧಾನಾಗಿ ಕಿವಿಗೆ ಸಿಗತೈತಿ, ಕಿಂಯ್ ಅಂತೈತಿ."

ತಮ್ಮ ಫೋನ್ ಹಚ್ಚಿ ತೋರಿಸಿದರು. ದನಿ ಅಡಗಿತು. "ನೋಡ್ರಿ, ಒಂದ ಇದ್ದಾಗಷ್ಟ ಗುನುಗೂದು!" ಎಂದು ನಕ್ಕರು. ನನಗೆ ನಗು ಬರಲಿಲ್ಲ.

"ಚಟಚಟ ಅಂದ್ರ, ಸುಟ್ಟ ವಾಸನಿ ಬಂದ್ರ, ಕೈ ಇಡಲಾರದಂಗ ಕಾದ್ರ ಬಿಸಾಕ್ರಿ. ಇದಕ್ಕೇನೂ ಆಗಿಲ್ಲ."

"ನಮ್ಮ ಮನಿಯವರಿಗೆ ಯಾಕ ಕೇಳಸಂಗಿಲ್ರಿ?"

"ಎಲ್ಲಿ ಕೆಲಸ?"

"ಮಿಲ್ಲಿನಾಗ. ಮಷಿನ್ ಕಡೆ, ಇಪ್ಪತ್ತು ವರ್ಷಾತು."

ಅವರು ಚಾರ್ಜರ್ ಸುತ್ತಿ ಕೈಗಿತ್ತರು. "ಗದ್ದಲದಾಗ ದುಡಿದ ಕಿವಿ, ಅಕ್ಕಾರ. ಸಣ್ಣ ದನಿ ಮೊದಲ ಹೋಗತಾವ."

ದಾರಿಯುದ್ದಕ್ಕೂ ಅದೇ ತಲೆಯಲ್ಲಿ. ಅಡುಗೆಮನೆಯಿಂದ ಯಜಮಾನರನ್ನು ಎಷ್ಟು ಸಲ ಕರೆದಿದ್ದೆ! ಉತ್ತರ ಬಾರದಾಗ ಸಿಟ್ಟೆಂದು ತಿಳಿದು ನಾನೂ ಮಾತು ಬಿಡುತ್ತ ಬಂದಿದ್ದೆ.

ಸಂಜೆ ಅವರ ಎದುರಿಗೇ ನಿಂತು, ದನಿ ಎತ್ತಿ ಎಲ್ಲ ಹೇಳಿದೆ. ಅವರು ಚಾರ್ಜರಿನ ಮೇಲೆ ಅಂಗೈ ಇಟ್ಟು ನೋಡಿದರು. "ಕಾದಿಲ್ಲ ಬಿಡು." ಆಮೇಲೆ ನನ್ನ ಕಡೆ ತಿರುಗಿ, "ಹೆಂಗ ಅಂತೈತಿ ಅದು?" ಎಂದರು.

ಕಿವಿಯ ಹತ್ತಿರ ಬಾಯಿಟ್ಟು "ಕಿಂಯ್" ಎಂದೆ.

"ಇನ್ನೊಮ್ಮೆ ಅನ್ನು."

ಈಗ ಸ್ವಿಚ್ ಆರಿಸಿ ಪೂಜೆಗೆ ಕೂಡುತ್ತೇನೆ. ಯಾವ ನಾದವೂ ಇಲ್ಲ. ಆದರೂ ಕೂಡುತ್ತೇನೆ. ಸಂಜೆ ಅವರು ಬಂದರೆ ಎದುರಿಗೆ ಹೋಗಿ ಮಾತಾಡಬೇಕೆಂಬುದಾದರೂ ತಿಳಿಯಿತಲ್ಲ. ಲಿಂಗಯ್ಯ ಅಷ್ಟು ಕೊಟ್ಟಿದ್ದಾನೆ.