ಬ್ಯಾಡ ಅಂದರೆ ಬ್ಯಾಡ್ ಅಲ್ಲ

ನನ್ನದು ಅವಸರದ ಸ್ವಭಾವ. ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತೇನೆ, ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಬಂದು ನಿಂತಿರುತ್ತೇನೆ. ಲೆಕ್ಕ ಬರೆಯುವವರಿಗೆ ಇದು ಒಳ್ಳೆಯದಲ್ಲ ಎಂದು ನಮ್ಮ ಆಡಿಟರು ಎಷ್ಟೋ ಸಲ ಹೇಳಿದ್ದಾರೆ. ಅಕ್ಕಿ ಚೀಲಗಳಿಗೆ ಹೆಸರು, ಚಿತ್ರ ಮುದ್ರಿಸಿ ಮಿಲ್ಲುಗಳಿಗೆ ಮಾರುವ ದಾವಣಗೆರೆಯ ಒಂದು ಸಣ್ಣ ಕಂಪನಿಯಲ್ಲಿ ನಾನು ಹನ್ನೊಂದು ವರ್ಷದಿಂದ ಅಕೌಂಟೆಂಟು. ಅಷ್ಟು ವರ್ಷ ಅವಸರದಿಂದ ಆದದ್ದೆಲ್ಲ ಸಣ್ಣಪುಟ್ಟ ತಪ್ಪುಗಳೇ. ದೊಡ್ಡದು ಹೋದ ಮಾರ್ಚಿನಲ್ಲಿ ಆಯಿತು.

ವರ್ಷದ ಕೊನೆಯ ವಾರ ಆಡಿಟರು ಫೋನು ಮಾಡಿ, ಎರಡು ವರ್ಷ ದಾಟಿದ ಬಾಕಿಗಳನ್ನು ವಿಂಗಡಿಸಿ ಕೊಡಿ ಎಂದರು. ಬರುವುದೇ ಇಲ್ಲ ಅನ್ನುವಂಥ ಬ್ಯಾಡ್ ಡೆಟ್ಟನ್ನು ರೈಟ್ ಆಫ್ ಮಾಡಬೇಕು, ಅಂದರೆ ಆ ಪಾರ್ಟಿಯ ಖಾತೆಯನ್ನೇ ಸೊನ್ನೆ ಮಾಡಿ ಮೊತ್ತವನ್ನು ನಷ್ಟಕ್ಕೆ ಬರೆಯಬೇಕು. ಹಾಗೆ ಬರೆದರೆ ಮಾತ್ರ ಆದಾಯ ತೆರಿಗೆಯಲ್ಲಿ ಆ ನಷ್ಟ ಲೆಕ್ಕಕ್ಕೆ ಬರುತ್ತದೆ. ಬರಬಹುದು, ಬರದೆಯೂ ಇರಬಹುದು ಅನ್ನುವಂಥದ್ದಕ್ಕೆ ಪ್ರಾವಿಷನ್. ಅದರಲ್ಲಿ ಪಾರ್ಟಿಯ ಖಾತೆ ಇದ್ದ ಹಾಗೇ ಇರುತ್ತದೆ, ನಾವು ಮಾತ್ರ ನಮ್ಮ ಲಾಭದಲ್ಲಿ ಅಷ್ಟನ್ನು ಕಡಿಮೆ ತೋರಿಸಿ ಎತ್ತಿಡುತ್ತೇವೆ. ತೆರಿಗೆಯವರು ಅದನ್ನು ಒಪ್ಪುವುದಿಲ್ಲ. ಎರಡರಲ್ಲಿ ಯಾವುದನ್ನು ಮಾಡಿದರೂ, ಆ ಬಿಲ್ಲುಗಳ ಮೇಲೆ ನಾವು ಆಗಲೇ ಕಟ್ಟಿದ ಜಿಎಸ್‌ಟಿ ವಾಪಸ್ಸು ಬರುವುದಿಲ್ಲ.

ನಾಲ್ಕು ಹೆಸರಿನ ಪಟ್ಟಿ ತೆಗೆದು ಯಜಮಾನರ ಮೇಜಿನ ಮೇಲಿಟ್ಟು, "ಸರ್, ಯಾವುದು ಬ್ಯಾಡ್ ಡೆಟ್ಟು ಗುರುತು ಮಾಡ್ರಿ" ಎಂದು ಹೇಳಿ ಬಂದೆ. ಸಂಜೆ ಪಟ್ಟಿ ವಾಪಸ್ಸು ಬಂತು. ಮೂರು ಹೆಸರಿನ ಮುಂದೆ ಟಿಕ್ ಇತ್ತು. ನಾಲ್ಕನೆಯದರ ಮುಂದೆ ಪೆನ್ಸಿಲ್ಲಿನಲ್ಲಿ 'ಬ್ಯಾಡ' ಎಂದು ಬರೆದಿದ್ದರು. ಟಿಕ್ ಹಾಕಿದವು ಸರಿಯಿರುವವು, ಒಂದು ಮಾತ್ರ ಬ್ಯಾಡ್ ಎಂದು ಓದಿಕೊಂಡೆ. ನಮ್ಮ ಯಜಮಾನರು ಅರ್ಧಾಕ್ಷರದ ಗೋಜಿಗೆ ಹೋಗುವವರೇ ಅಲ್ಲ ಎಂದು ಒಳಗೊಳಗೇ ನಕ್ಕಿದ್ದೂ ನೆನಪಿದೆ. ಎರಡೇ ನಿಮಿಷದಲ್ಲಿ ಎಂಟ್ರಿ ಹಾಕಿ ಮುಗಿಸಿದೆ.

ಆ ನಾಲ್ಕನೆಯ ಹೆಸರು ಹರಿಹರದಾಚೆ ಭಾನುವಳ್ಳಿ ರಸ್ತೆಯ ಒಂದು ಅಕ್ಕಿ ಮಿಲ್ಲಿನದು. ಒಂದೇ ಬಿಲ್ಲು, ನಾಲ್ಕು ಲಕ್ಷದ ಹದಿನೆಂಟು ಸಾವಿರ. ಗಂಡ ಹೆಂಡತಿ ಇಬ್ಬರೂ ಪಾಲುದಾರರು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಮಿಲ್ಲನ್ನು ಹೆಂಡತಿಯೇ ನಡೆಸುತ್ತಿದ್ದರು. ಏಪ್ರಿಲ್ ಮೊದಲ ವಾರ ಎಲ್ಲ ಪಾರ್ಟಿಗಳಿಗೂ ಬಾಕಿ ಖಾತ್ರಿಯ ಪತ್ರ ಕಳಿಸುವುದು ನಮ್ಮ ಪದ್ಧತಿ. ನಿಮ್ಮ ಬಾಕಿ ಇಷ್ಟು, ಸರಿಯಿದ್ದರೆ ಸಹಿ ಮಾಡಿ ಕಳಿಸಿ ಎಂದು ಅದರಲ್ಲಿರುತ್ತದೆ. ಕಂಪ್ಯೂಟರಿನಿಂದ ಬಂದಂತೆಯೇ ನಲವತ್ತೂ ಚಿಲ್ಲರೆ ಪತ್ರಗಳಿಗೆ ಸಹಿ ಹಾಕಿ, ಮಡಚಿ ಅಂಚೆಗೆ ಹಾಕಿಸಿದೆ. ಒಂದನ್ನೂ ಓದಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಯಜಮಾನರು ಬಂದು ನನ್ನ ಮೇಜಿನ ಮುಂದೆ ನಿಂತರು. "ಆ ಮಿಲ್ಲಿನ ಪತ್ರ ಸಹಿ ಆಗಿ ಬಂತೇನಮ್ಮ? ಬಿಲ್ಲಿಗೆ ಮೂರು ವರ್ಷ ತುಂಬಾಕೆ ಇನ್ನ ನಾಕೇ ದಿನ ಐತೆ. ಸಹಿ ಬಂದ್ರ ಅಲ್ಲಿಂದ ಇನ್ನ ಮೂರು ವರ್ಷ ಸಿಗ್ತಾವೆ, ಇಲ್ಲ ಅಂದ್ರ ಆಮೇಲೆ ಕೋರ್ಟಿಗೆ ಹೋದ್ರೂ ನಡಿಯಲ್ಲ."

ಖಾತೆ ತೆಗೆದೆ. ಸೊನ್ನೆ.

"ಸರ್, ನೀವೇ ಬ್ಯಾಡ್ ಅಂತ ಬರ್ದಿದ್ರಿ."

"ನಾನು ಬ್ಯಾಡ ಅಂತ ಬರ್ದಿದ್ದು! ತೆಗಿಯಾದು ಬ್ಯಾಡ! ಆಯಮ್ಮ ಇವತ್ತಲ್ಲ ನಾಳೆ ಕೊಡ್ತಾಳೆ, ಮಿಲ್ಲು ನಡೀತೈತೆ. ಟಿಕ್ ಹಾಕಿದ ಮೂರು ತೆಗೀರಿ ಅಂದಿದ್ದು. ಇದಕ್ಕೆ ಬೇಕಾದ್ರೆ ಅರ್ಧಕ್ಕೆ ಪ್ರಾವಿಷನ್ ಹಾಕ್ರಿ, ಖಾತೆ ಮುಟ್ಟಬ್ಯಾಡ್ರಿ."

ತೆಗೆಯಬೇಕಾದ ಮೂರನ್ನು ಉಳಿಸಿದ್ದೆ, ಉಳಿಸಬೇಕಾದ ಒಂದನ್ನು ತೆಗೆದಿದ್ದೆ. ಎಂಟ್ರಿಯನ್ನು ಅಲ್ಲೇ ಅಳಿಸಿ, ಟಿಕ್ ಇದ್ದ ಮೂರನ್ನು ತೆಗೆದೆ. ಆಡಿಟ್ ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ಪುಸ್ತಕ ಸರಿಹೋಯಿತು. ಆದರೆ ನಿಮ್ಮ ಬಾಕಿ ಸೊನ್ನೆ ಎಂದು ನಮ್ಮದೇ ಲೆಟರ್‌ಹೆಡ್ಡಿನಲ್ಲಿ, ನನ್ನದೇ ಸಹಿ ಹೊತ್ತು ಹೋದ ಕಾಗದವನ್ನು ಯಾವ ಗುಂಡಿ ಒತ್ತಿ ಅಳಿಸುವುದು? ಆಕೆ ಅದನ್ನು ಹಿಡಿದುಕೊಂಡು ಕೂತರೆ ನಾಲ್ಕು ಲಕ್ಷ ಹೋದಂತೆಯೇ, ಅದರ ಹಿಂದೆ ನನ್ನ ಕೆಲಸವೂ. ಆವರಗೆರೆಯಲ್ಲಿ ಕಟ್ಟಿಸುತ್ತಿದ್ದ ಮನೆಗೆ ಇನ್ನೂ ಬಾಗಿಲು ಕೂರಿಸಿರಲಿಲ್ಲ. ಯಜಮಾನರು ಬೈಯಲಿಲ್ಲ. "ನೀವೇ ಹೋಗಿ ಸಹಿ ತಗಂಡು ಬರ್ರಿ" ಎಂದಷ್ಟೇ ಹೇಳಿದರು.

ಹೊರಡುವ ಮೊದಲು ಮೂರು ವರ್ಷದ ಬ್ಯಾಂಕ್ ಪಾಸ್‌ಶೀಟು, ರಸೀದಿ ಪುಸ್ತಕ ಎಲ್ಲ ತಿರುವಿದೆ. ಆ ಮಿಲ್ಲಿನಿಂದ ಒಂದು ರೂಪಾಯಿಯೂ ಬಂದಿರಲಿಲ್ಲ. ಮರುದಿನ ಹರಿಹರದ ಬಸ್ಸಿನಲ್ಲಿ ಕೂತು, ಸರಿಯಾದ ಬಾಕಿ ಬರೆದ ಹೊಸ ಪತ್ರವನ್ನು ಎಷ್ಟು ಸಲ ಚೀಲದಿಂದ ತೆಗೆದು ಒಳಗಿಟ್ಟೆನೋ ಗೊತ್ತಿಲ್ಲ. ಏನು ಹೇಳಲಿ? ಕಂಪ್ಯೂಟರಿನ ತಪ್ಪು ಅನ್ನಲೇ? ಹರಿಹರದಲ್ಲಿ ಇಳಿದು ಭಾನುವಳ್ಳಿ ಬಸ್ಸಿಗೆ ಕಾಯುವಾಗ ಕಾಲು ಒಂದು ಕಡೆ ನಿಲ್ಲಲಿಲ್ಲ. ಕಾಯಲಾರದೆ ಆಟೋ ಹತ್ತಿದೆ.

ಮಿಲ್ಲಿನ ಆಫೀಸಿನಲ್ಲಿ ಆಕೆ ಒಬ್ಬರೇ ಇದ್ದರು. ಐವತ್ತರ ಆಸುಪಾಸು, ಸೆರಗಿನ ಮೇಲೆಲ್ಲ ತೌಡಿನ ಧೂಳು. "ಬಾರವ್ವ, ಕೂಡ್ರಿ" ಎಂದು ಕುರ್ಚಿ ಸರಿಸಿ, ನಾನು ಯಾವ ಕಂಪನಿಯವಳೆಂದು ಹೇಳಿದ ಕೂಡಲೇ ಮುಖ ಅರಳಿಸಿದರು.

"ನಿಮ್ಮ ಪತ್ರ ಬಂತು ತಂಗಿ. ಕೊನಿಗೂ ಸಿಕ್ತಲ್ಲ ಲೆಕ್ಕ!"

"ಯಾವ ಲೆಕ್ಕ ಅಕ್ಕ?"

"ನಮ್ಮನೇರು ಆಸ್ಪತ್ರಿಯಾಗ ಇದ್ದಾಗ ಕೇಳಿದ್ದೆ. ಚೀಲದೋರಿಗೆ ರೊಕ್ಕ ಕೊಟ್ಟೀನಿ ಅಂದಿದ್ರು. ನಿಮ್ಮ ಯಜಮಾನ್ರು ಬಂದಿಲ್ಲ ಅಂತ ಫೋನು ಮಾಡ್ತಿದ್ರು. ಸಾಯೋ ಹೊತ್ನಾಗೂ ನಂಗೆ ಸುಳ್ಳು ಹೇಳಿದ್ರಲ್ಲ ಅಂತ ಎರಡು ವರ್ಷ ಉರಕಂಡೀನಿ. ಈಗ ನೋಡು, ಸೊನ್ನೆ ಅಂತ ನೀವೇ ಬರ್ದೀರಿ."

ಸುಮ್ಮನೆ ಎದ್ದು ಹೋಗಿಬಿಡೋಣ, ಕೆಲಸ ಹೋದರೆ ಹೋಗಲಿ ಅನ್ನಿಸಿದ್ದು ನಿಜ. ಅರೆಗಳಿಗೆಯಷ್ಟೇ. ಹೋದರೆ ಒಂದೆರಡು ದಿನದಲ್ಲೇ ಯಜಮಾನರ ವಕೀಲರು ಬರುತ್ತಿದ್ದರು, ಅವರ ಬಾಯಿಂದ ಕೇಳುವುದು ಇನ್ನೂ ಕೆಟ್ಟದ್ದು.

"ಅಕ್ಕ, ಅದು ನನ್ನ ತಪ್ಪು" ಎಂದೆ. ಪಟ್ಟಿ, ಪೆನ್ಸಿಲ್ಲು, ಬ್ಯಾಡ, ಬ್ಯಾಡ್, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕೇಳುವಾಗ ಆಕೆಯ ಕಣ್ಣು ನನ್ನ ಮುಖದ ಮೇಲೇ ಇತ್ತು. ಮಿಲ್ಲಿನ ಸದ್ದಿಗೆ ಮೇಜಿನ ಗಾಜು ನಡುಗುತ್ತಿತ್ತು.

"ಇನ್ನೊಂದು ಸಲ ನೋಡಿದ್ಯಾ? ಚೆಕ್ಕು, ರೊಕ್ಕ, ಯಾವ್ದಾರ ಒಂದು?"

"ಎಲ್ಲ ನೋಡೀನಕ್ಕ. ಬಂದಿಲ್ಲ."

ನಾನು ಮೇಜಿನ ಮೇಲಿಟ್ಟ ಹೊಸ ಪತ್ರವನ್ನು ಆಕೆ ತಮ್ಮ ಕಡೆ ಎಳೆದುಕೊಂಡರು. ಮೊತ್ತದ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿ, ಸಹಿ ಮಾಡಿ, ಕೆಳಗೆ ತಾರೀಖು ಬರೆದರು. ಡ್ರಾಯರಿನಿಂದ ಮೊಹರು ತೆಗೆದು ಒತ್ತಿದರು. ಹಳೆಯ ಸೊನ್ನೆಯ ಪತ್ರವನ್ನೂ ಹುಡುಕಿ ಕೈಗೆ ಕೊಟ್ಟರು. ಊರ ಹಬ್ಬ ಕಳೆದ ಮೇಲೆ ತಿಂಗಳಿಗೆ ಮೂವತ್ತು ಸಾವಿರದ ಹಾಗೆ ಕಟ್ಟುತ್ತೇನೆ, ನಿಮ್ಮ ಯಜಮಾನರಿಗೆ ಹೇಳು ಎಂದರು. ನನಗೆ ಬೇಕಾದದ್ದೆಲ್ಲ ಕೈಯಲ್ಲಿತ್ತು, ಆದರೂ ಏಳಲು ಆಗಲಿಲ್ಲ. ತಪ್ಪಾಯ್ತಕ್ಕ ಎಂದು ಮತ್ತೆ ಹೇಳಿದೆ.

"ನಿಂದೇನೈತೆ ಬಿಡು" ಎಂದು ಮೊಹರಿನ ಡಬ್ಬಿ ಮುಚ್ಚಿದರು. "ಹದಿನೈದು ದಿನ ಆಯ್ತು ತಂಗಿ, ನಮ್ಮನೇರನ್ನ ಬೈದಿರ್ಲಿಲ್ಲ. ಇನ್ನ ಮತ್ತೆ ಶುರು ಮಾಡ್ಬೇಕು."