ಮೋರೆ ನುಂಗಿದ ಅಂಗಡಿ

ಕುಮಟೆಯ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಒಂದೇ ಗೋಡೆಯ ಎರಡು ಮಗ್ಗುಲಿಗೆ ಎರಡು ಅಂಗಡಿಗಳಿವೆ. ಆ ಕಡೆಯದು ರವೀಂದ್ರನ ಫೋಟೋ ಸ್ಟುಡಿಯೋ. ಈ ಕಡೆಯದು ಮಾಲತಿಯದು. ಆನ್‌ಲೈನ್ ಅರ್ಜಿ ತುಂಬಿ ಕೊಡುವ ಅಂಗಡಿ. ಮಾಲತಿ ಮೊದಲು ಆ ಸ್ಟುಡಿಯೋದಲ್ಲೇ ಹನ್ನೆರಡು ವರ್ಷ ಪಾಸ್‌ಪೋರ್ಟ್ ಫೋಟೋ ಕತ್ತರಿಸಿದವಳು. ಒಂದು ದಿನ ಯಾರದೋ ಮದುವೆ ಆಲ್ಬಮ್ಮಿನಲ್ಲಿ ತಪ್ಪಾಯಿತೆಂದು ರವೀಂದ್ರ ಗಿರಾಕಿಗಳ ಎದುರೇ ಅವಳ ಮಾನ ಹರಾಜು ಹಾಕಿದ. ಅವಳು ಕತ್ತರಿ ಮೇಜಿನ ಮೇಲೆ ಕುಕ್ಕಿ ಹೊರಬಿದ್ದು, ಹಟಕ್ಕೆ ಬಿದ್ದು ಪಕ್ಕದಲ್ಲೇ ಬಾಡಿಗೆ ಹಿಡಿದಳು. ಅಂದಿನಿಂದ ಇಬ್ಬರೂ ಒಬ್ಬರ ಮೋರೆ ಒಬ್ಬರು ನೋಡುವುದಿಲ್ಲ. ಜನ ಮಾತ್ರ ಆ ಕಡೆ ಫೋಟೋ ತೆಗೆಸಿಕೊಂಡು ಈ ಕಡೆ ಅರ್ಜಿ ತುಂಬಿಸಲು ಬರುತ್ತಾರೆ. ಇದು ಇಬ್ಬರಿಗೂ ಒಳಗೊಳಗೇ ಉರಿ.

ಆ ಮಧ್ಯಾಹ್ನ ನಾಲ್ಕಕ್ಕೆ ಕಾಗಾಲದ ಬಂಗಾರಜ್ಜಿ ಸೊಸೆ ಪವಿತ್ರಾಳನ್ನು ಎಳೆದುಕೊಂಡೇ ಬಂದಳು. ಎಪ್ಪತ್ತು ದಾಟಿದ ಬಂಗಾರಜ್ಜಿ ಊರಿಗೆಲ್ಲ ಹಾಡುಗಾರ್ತಿ. ಗದ್ದೆ ನಟ್ಟಿಯ ಹಾಡು, ಮದುವೆಯ ಹಾಡು, ಯಾರಾದರೂ ತಪ್ಪು ಮಾಡಿದರೆ ಅವರ ಮೇಲೊಂದು ಹಾಡು. ಜಾನಪದ ಕಲಾವಿದರ ಮಾಸಾಶನಕ್ಕೆ ಅವಳು ಕಳೆದ ವರ್ಷವೇ ಇಲ್ಲಿ ಅರ್ಜಿ ಹಾಕಿಸಿದ್ದಳು. ಎರಡು ತಿಂಗಳಾದ ಮೇಲೆ ಅದು ತಿರಸ್ಕಾರವಾಗಿತ್ತು. ಕಾರಣ: ಭಾವಚಿತ್ರ ಕಾಣುತ್ತಿಲ್ಲ. ಆಗ ಮಾಲತಿ ಗೋಡೆಯ ಕಡೆ ಬೆರಳು ತೋರಿಸಿ, "ಅವ್ನ ಫೋಟೋನೇ ಹಾಳು, ಅಜ್ಜಿ" ಎಂದಿದ್ದಳು. ಬಂಗಾರಜ್ಜಿ ಮನೆ ಮುಟ್ಟುವುದರೊಳಗೆ ಹಾಡು ಕಟ್ಟಿದ್ದಳು.

*ಅಂಗಡಿಯ ರವಿಂದ್ರ ಮೋರೆಯ ನುಂಗಿದ*
*ನುಂಗಿ ನೀರನ್ನೂ ಕುಡಿಯದೆ ಕುಂತ*

ಆ ಮಳೆಗಾಲದಲ್ಲಿ ಕಾಗಾಲದ ಗದ್ದೆಗಳಲ್ಲಿ ಸಸಿ ನೆಡುತ್ತ ಹೆಂಗಸರೆಲ್ಲ ಅದನ್ನೇ ಹಾಡಿದರು. ಆ ಭಾಗದ ಗಿರಾಕಿಗಳು ರವೀಂದ್ರನ ಸ್ಟುಡಿಯೋದ ಮೆಟ್ಟಿಲು ಹತ್ತುವುದು ಕಡಿಮೆಯಾಯಿತು. ಮಾಲತಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು, ಸುಳ್ಳೇಕೆ ಹೇಳಬೇಕು.

"ಇವತ್ತು ಐದೂವರೆಗೆ ಕಡೆಯಂತೆ. ಈ ಸಲನೂ ತಪ್ಪಿದ್ರೆ ನಾ ಬದುಕಿದ್ದಾಗ ಸಿಕ್ಕೂದಿಲ್ಲ" ಎಂದು ಬಂಗಾರಜ್ಜಿ ಸ್ಟೂಲಿನ ಮೇಲೆ ಕುಳಿತಳು. "ಸಮಾ ಮಾಡು."

"ಮಾಡ್ತೆ, ಕೂಗ್ಬೇಡಿ" ಎಂದಳು ಮಾಲತಿ.

ಅರ್ಜಿಗೆ ಒಂದು ಭಾವಚಿತ್ರ, ಹಾಡುವಾಗಿನ ಎರಡು ಫೋಟೋ ಬೇಕು. ಎಲ್ಲವೂ ಜೆಪಿಜಿ ಜಾತಿಯ ಫೈಲುಗಳೇ ಆಗಿರಬೇಕು. ಪವಿತ್ರಾಳ ಫೋನನ್ನು ಕೇಬಲ್ಲಿಗೆ ಸಿಕ್ಕಿಸಿದಾಗ ಸಿಕ್ಕಿದ ಮೂರೂ ಬೇರೆ ಬೇರೆ ಜಾತಿಯವು. ಮೊದಲನೆಯದು ಸುದ್ದಿ ಪುಟವೊಂದರಿಂದ ಇಳಿಸಿದ್ದು, ವೆಬ್‌ಪಿ. ಬ್ರೌಸರಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು, ಅರ್ಜಿಯ ಪುಟ ಮಾತ್ರ ಒಲ್ಲೆ ಎಂದಿತು. ಮಾಲತಿ ಅದನ್ನು ಪೇಂಟಿನಲ್ಲಿ ತೆರೆದು ಜೆಪಿಜಿಯಾಗಿ ಉಳಿಸಿದಳು. ಎರಡನೆಯದು ಪವಿತ್ರಾಳ ತಮ್ಮ ಯಾವುದೋ ಆ್ಯಪಿನಲ್ಲಿ ಮಾಡಿದ ಕುಣಿಯುವ ಚಿತ್ರ, ಜಿಫ್. ಬಂಗಾರಜ್ಜಿ ಹಾಡುತ್ತಾಳೆ, ಸುತ್ತ ನಕ್ಷತ್ರ ಉದುರುತ್ತವೆ.

"ಇದು ಚಂದ ಇದ್ದು, ಇದ್ನೇ ಹಾಕಿ" ಎಂದಳು ಪವಿತ್ರಾ.

"ಇದು ವಾಟ್ಸಾಪಿಗೆ ಚಂದ. ಅರ್ಜಿ ಇದ್ನ ತಕಣೂದಿಲ್ಲ. ತಕಂಡ್ರೂ ಹೆಚ್ಚಿನ ಕಡೆ ಮೊದಲ್ನೇ ಚಿತ್ರ ಒಂದೇ ನಿಂತ್ಕಳ್ತದೆ. ಅದ್ರಲ್ಲಿ ನಕ್ಷತ್ರ ಬಿಟ್ರೆ ಎಂತ ಕಾಣ್ತು ಹೇಳು?"

ಅಜ್ಜಿಯ ಬಾಯಿ ತೆರೆದಿರುವ, ನಕ್ಷತ್ರ ಮುಖಕ್ಕೆ ಬೀಳದ ಕ್ಷಣ ಹುಡುಕಿ, ಅದೊಂದನ್ನೇ ಬೇರೆ ಮಾಡಿ ಜೆಪಿಜಿ ಮಾಡಿದಳು.

ಉಳಿದದ್ದು ಭಾವಚಿತ್ರ. ಅಂದು ಬೆಳಿಗ್ಗೆ ಪವಿತ್ರಾ ಅತ್ತೆಯನ್ನು ಗದರಿಸಿ ರವೀಂದ್ರನ ಬಳಿಯೇ ತೆಗೆಸಿದ್ದಳು. ಅವನು ತನ್ನ ಹೊಸ ಐಫೋನಿನಲ್ಲಿ ತೆಗೆದು, ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿದ್ದ. ಹಾಗೆ ಕಳಿಸಿದರೆ ಫೈಲು ಇದ್ದದ್ದು ಇದ್ದ ಹಾಗೇ ಬರುತ್ತದೆ, ಐಫೋನಿನದೇ ಜಾತಿಯಾದ ಹೆಚ್‌ಇಐಸಿಯಾಗಿ. ಪವಿತ್ರಾಳ ಹಳೇ ಫೋನೂ ತೆರೆಯಲಿಲ್ಲ, ಮಾಲತಿಯ ಕಂಪ್ಯೂಟರೂ ತೆರೆಯಲಿಲ್ಲ.

ಬೇಕೆಂದೇ ಮಾಡಿದ್ದಾನೆ, ಲಫಂಗ, ಎಂದು ಮಾಲತಿ ಹಲ್ಲು ಕಡಿದಳು. ಕಳೆದ ವರ್ಷವೂ ಹೀಗೇ ಬಂದಿತ್ತು. ಆಗ ಅವಳು ಫೈಲಿನ ಹೆಸರಿನ ಕೊನೆಗಿದ್ದ ಹೆಚ್‌ಇಐಸಿ ಎಂಬ ಬಾಲ ಅಳಿಸಿ ಜೆಪಿಜಿ ಎಂದು ಬರೆದಿದ್ದಳು. ಅರ್ಜಿ ನುಂಗಿಕೊಂಡಿತ್ತು, ಸ್ವೀಕೃತಿ ಚೀಟಿಯೂ ಬಂದಿತ್ತು. ಫೋಟೋದ ಚೌಕ ಖಾಲಿ ಕಂಡಾಗ ನೆಟ್ ನಿಧಾನ ಎಂದುಕೊಂಡಿದ್ದಳು. ಇವತ್ತೂ ಅದೇ ಕೈಚಳಕ ಮಾಡಿ ಒತ್ತಿದಳು. ಪುಟದ ಮೇಲೆ ಕೆಂಪು ಅಕ್ಷರ ಮೂಡಿತು: ಇದು ಜೆಪಿಜಿ ಫೈಲ್ ಅಲ್ಲ.

ಮಾಲತಿಯ ಕೈ ನಿಂತಿತು. ಹಳೇ ಅರ್ಜಿ ತೆರೆದು ನೋಡಿದಳು. ಭಾವಚಿತ್ರದ ಜಾಗದಲ್ಲಿ ಹರಿದ ಚಿತ್ರದ ಗುರುತು, ಪಕ್ಕದಲ್ಲಿ ಅವಳೇ ಬರೆದ ಹೆಸರು. ಹೋದ ವರ್ಷ ಪುಟ ಬರೀ ಹೆಸರಿನ ಬಾಲ ನೋಡಿ ಒಳಗೆ ಬಿಟ್ಟಿತ್ತು. ಈ ವರ್ಷ ಒಳಗೇ ಇಣುಕಿ ನೋಡುತ್ತಿದೆ. ಹೆಸರು ಬದಲಿಸಿದರೆ ಫೈಲು ಬದಲಾಗುವುದಿಲ್ಲ. ಹಾಗಾದರೆ ರವೀಂದ್ರನ ಫೋಟೋ ಹಾಳಾಗಿರಲೇ ಇಲ್ಲ.

"ಎಂತ ಆತು?" ಎಂದಳು ಬಂಗಾರಜ್ಜಿ.

"ಫೋಟೋ ತಕಣ್ತಾ ಇಲ್ಲ."

ಸಾಕಾಯಿತು. ಅಜ್ಜಿ ಎದ್ದು ಗೋಡೆಗೆ ಕೈ ಬಡಿದಳು. "ಏ ರವಿಂದ್ರಾ! ಈ ವರ್ಷನೂ ನನ್ನ ಮೋರೆ ನುಂಗಿದ್ಯೇನೋ? ನಿನ್ನ ಕೆಮರಾ ಹೊಳಿಗೆ ಬೀಳ್ಲಿ!"

ರವೀಂದ್ರ ಬಂದ. ಆರು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲು ತುಳಿದ. ಪರದೆಯನ್ನು ಒಮ್ಮೆ ನೋಡಿದವನೇ ಕಹಿಯಾಗಿ ನಕ್ಕ.

"ಹೆಸರು ಬದ್ಲು ಮಾಡಿದ್ಯಾ? ಹೋದ ವರ್ಷನೂ ಇದೇ ಮಾಡಿದ್ದೆ ಅಲ್ಲಾ? ತೆರೀದಿದ್ರೆ ಹೇಳು, ಬೇರೆ ಕಳಸ್ತೆ ಅಂತ ಅವತ್ತೇ ನಿನ್ನ ನಂಬರಿಗೆ ಮೆಸೇಜ್ ಹಾಕಿದ್ದೆ. ನೀ ನೋಡಿ ಸುಮ್ಮನಾದೆ. ಅಜ್ಜಿ, ನಿಮ್ಮ ಮೋರೆ ನುಂಗಿದ್ದು ನಾನಲ್ಲ."

ಬಂಗಾರಜ್ಜಿ ಮಾಲತಿಯ ಕಡೆ ತಿರುಗಿದಳು. "ಹೌದೇನೇ?"

ನಾಲ್ಕು ಐವತ್ತೈದು. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಸರಿಯಾದ ಫೋಟೋ ಇದ್ದದ್ದು ರವೀಂದ್ರನ ಜೇಬಿನಲ್ಲಿ. ಈಗ ಜಗಳ ಬೆಳೆಸಿದರೆ ಅವನು ತಿರುಗಿ ನಡೆದೇ ಬಿಡುತ್ತಾನೆ, ಅಜ್ಜಿಯ ಅರ್ಜಿ ಇಲ್ಲಿಗೇ ಮುಗಿಯುತ್ತದೆ. ಮಾಲತಿಗೆ ಅವನ ಮೇಲಿನ ದ್ವೇಷ ಒಂದು ಗುಂಜಿಯೂ ಕಡಿಮೆಯಾಗಲಿಲ್ಲ. ಆದರೂ ತಲೆ ತಗ್ಗಿಸಿದಳು.

"ಹೌದು. ನಂದೇ ತಪ್ಪು. ಅವ್ರ ಫೋಟೋ ಸರಿ ಇತ್ತು."

"ಕೇಳ್ಕಂಡ್ರಾ?" ಎಂದ ರವೀಂದ್ರ. "ಒಂದು ಮಳೆಗಾಲ ಪೂರ್ತಿ ನನ್ನ ಹೆಸರು ಗದ್ದೆ ಕೆಸರಲ್ಲಿ ಹೊರಳಾಡ್ತು."

"ಈಗ ಕಳಸ್ತ್ರೋ ಇಲ್ವೋ?" ಎಂದಳು ಮಾಲತಿ, ಮುಖ ಎತ್ತದೆ.

"ನಿಂಗಾಗಿ ಅಲ್ಲ" ಎಂದು ಅವನು ಅದೇ ಫೋಟೋವನ್ನು ಡಾಕ್ಯುಮೆಂಟ್ ಮಾಡದೆ ಮಾಮೂಲಿ ಫೋಟೋ ಆಗಿ ಪವಿತ್ರಾಳ ನಂಬರಿಗೆ ಕಳಿಸಿದ. ಹಾಗೆ ಕಳಿಸುವಾಗ ವಾಟ್ಸಾಪೇ ಅದನ್ನು ಜೆಪಿಜಿ ಮಾಡುತ್ತದೆ. ಈ ಸಲ ಚೌಕದಲ್ಲಿ ಬಂಗಾರಜ್ಜಿ ಮೂಡಿದಳು, ಮಣಿಸರ ಸಮೇತ, ಹುಬ್ಬು ಗಂಟಿಕ್ಕಿಕೊಂಡು. ಮಾಲತಿ ಮೂರು ಸಲ ನೋಡಿ, ಆಮೇಲೆ ಕಳಿಸು ಎಂಬುದನ್ನು ಒತ್ತಿದಳು. ಐದು ಗಂಟೆ ಎಂಟು ನಿಮಿಷ.

"ಆ ಹಾಡು ನಿಲ್ಸಿ ಇನ್ನು" ಎಂದ ರವೀಂದ್ರ ಬಾಗಿಲಲ್ಲಿ.

"ಗದ್ದಿಗೆ ಬಿಟ್ಟ ಹಾಡು ನಾ ನಿಲ್ಸಿದ್ರೆ ನಿಲ್ಲೂದಿಲ್ಲೋ. ಹೆಸರು ಬದ್ಲಾಯ್ಸೂಕೆ ಬತ್ತದೆ."

ರವೀಂದ್ರ ಹೋದ. ಬಂಗಾರಜ್ಜಿ ಸ್ವೀಕೃತಿ ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಾಲತಿಯನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು, ಪದಗಳನ್ನು ಅಳೆದು ನೋಡುವವಳಂತೆ ಮೆಲ್ಲಗೆ ಎತ್ತಿದಳು.

*ಅಂಗಡಿಯ ಮಾಲತಿ ಮೋರೆಯ ನುಂಗಿದ್ಲು*
*ನುಂಗಿ ನೆರೆಯವನ ಹೆಸರ ಹೇಳಿದ್ಲು*

ಪವಿತ್ರಾ ಹಿಂದಿನಿಂದ ದನಿಗೂಡಿಸಿದಳು. ಮಾಲತಿ ಫ್ಯಾನಿನ ಕೆಳಗೆ ಕುಳಿತೇ ಇದ್ದಳು. ಕಾಗಾಲದ ಗದ್ದೆಗಳಲ್ಲಿ ನಟ್ಟಿ ಶುರುವಾಗಲು ಇನ್ನು ಹದಿನೈದು ದಿನ ಮಾತ್ರ ಇತ್ತು.