ಜೋಡಿಗೆರೆಯ ತವರು

ನಮ್ಮ ಕಿವಿ ಆಸ್ಪತ್ರೆಯಲ್ಲಿ ವಂಶವಾಹಿ ಸಲಹೆ ಕೊಡುವವಳನ್ನು ಎಲ್ಲರೂ ಕರೆಯುವುದು ಚೌಕದಕ್ಕ ಎಂದೇ. ಯಾರೇ ಬರಲಿ, ಮೊದಲು ಅವರ ಮನೆತನವನ್ನೆಲ್ಲ ಹಾಳೆಯ ಮೇಲೆ ಬರೆಯುತ್ತಾಳೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರಕ್ತಸಂಬಂಧದ ಮದುವೆಗೆ ಜೋಡಿಗೆರೆ. ‘ಯಾರ ಕಡೆಯಿಂದ ಬಂತು?’ ಎಂದು ಕೇಳಿದವರನ್ನು ಕಂಡರೆ ಮಾತ್ರ ಅವಳಿಗೆ ಎಲ್ಲಿಲ್ಲದ ಸಿಟ್ಟು.

ಹುಟ್ಟಿನಿಂದ ಕಿವಿ ಕೇಳಿಸದ ಮಗುವಿನ ಅಪ್ಪ ಅಮ್ಮ ಅಂದು ರಕ್ತಪರೀಕ್ಷೆಯ ಫಲಿತಾಂಶ ಕೇಳಲು ಬಂದಿದ್ದರು. ಜೊತೆಗೆ ಬಂದ ಅಜ್ಜಿ ಕೂರುವ ಮೊದಲೇ ಸೊಸೆಯತ್ತ ಕೈ ತೋರಿದಳು.

"ಎಲ್ಲಾ ಇವಳ ತವರಿಂದ ಬಂದಿದ್ದು. ನಮ್ಮನೇಲಿ ಎಲ್ರ ಕಿವೀನೂ ಚುರುಕು."

"ಇಬ್ರಲ್ಲೂ ಇದೆ ಅಮ್ಮಾ," ಎಂದಳು ಚೌಕದಕ್ಕ. "ಪ್ರತಿ ಜೀನೂ ನಮ್ಮಲ್ಲಿ ಎರಡೆರಡು ಇರುತ್ತೆ. ಒಂದು ಕೆಟ್ಟಿದ್ರೂ ಕಿವಿ ಚೆನ್ನಾಗೇ ಕೇಳುತ್ತೆ. ಅಪ್ಪನಿಂದಲೂ ಅಮ್ಮನಿಂದಲೂ ಕೆಟ್ಟದ್ದೇ ಬಂದ್ರೆ ಮಾತ್ರ ಹೀಗೆ. ಇವರಿಗೆ ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ತಪ್ಪು ಯಾರದ್ದೂ ಅಲ್ಲ. ಅಂದಹಾಗೆ, ಇವಳ ತವರು ಯಾವುದು?"

"ನಮ್ಮಣ್ಣನ ಮನೆ."

ಚೌಕದಕ್ಕ ಮೊದಲೇ ಬರೆದಿಟ್ಟಿದ್ದ ಅವರ ಮನೆತನದ ಹಾಳೆ ಬಿಡಿಸಿದಳು. ಅವಳ ಬೆರಳು ಸೊಸೆಯ ವೃತ್ತದಿಂದ ಅವಳಪ್ಪನಿಗೆ, ಅಲ್ಲಿಂದ ಅವನ ಅಪ್ಪ ಅಮ್ಮನಿಗೆ ಹತ್ತಿ, ಇನ್ನೊಂದು ಗೆರೆ ಹಿಡಿದು ಇಳಿಯಿತು. ನಿಂತದ್ದು ಎದುರಿಗಿದ್ದ ಅಜ್ಜಿಯ ವೃತ್ತದ ಮೇಲೆಯೇ.

"ಅಯ್ಯೋ! ಇದು ನನ್ನ ತವರೂ ಅಲ್ವಾ!"

ಸೊಸೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅಜ್ಜಿ ಕುರ್ಚಿ ಎಳೆದುಕೊಂಡು ಅವಳ ಪಕ್ಕವೇ ಕೂತು, ಮಗನತ್ತ ಕಣ್ಣು ಬಿಟ್ಟಳು.

"ನೋಡೋ, ಇನ್ಮೇಲೆ ಯಾರಾದ್ರೂ ನಮ್ಮ ತವರಿನ ಸುದ್ದಿಗೆ ಬಂದ್ರೆ ಸುಮ್ನಿರಲ್ಲ!"